ಒಂದೊಂದು ಕಂತಿಗೂ ಒಂದೊಂದು ವಯಸ್ಸು

ಅತ್ತಿಗೆ ಊಟದ ಮೇಜಿನ ಮೇಲೆ ಅಂಚೆ ಕಚೇರಿಯ ಪಾಸ್‌ಬುಕ್ ಇಟ್ಟು ಕೇಳಿದ್ದು ಒಂದೇ ಪ್ರಶ್ನೆ. "ನೀನು ಅಷ್ಟು ವರ್ಷ ಬ್ಯಾಂಕಿನಲ್ಲಿ ಕೂತವನಲ್ಲಪ್ಪ, ಹೇಳು. ಶೇಕಡಾ 5.8 ಕೊಡ್ತೀವಿ ಅಂದರು. ಮೂರು ಲಕ್ಷ ಕಟ್ಟಿದೆ, ಬಡ್ಡಿ ಬಂದಿದ್ದು 48 ಸಾವಿರ ಚಿಲ್ಲರೆ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಮೂರೂ ಕಾಲು ಪರ್ಸೆಂಟೂ ಆಗಲ್ಲ. ಉಳಿದದ್ದು ಎಲ್ಲಿ ಹೋಯ್ತು?"

ಅವರ ಮಗ ಸಾರಿನ ಬಟ್ಟಲಿನಿಂದ ತಲೆ ಎತ್ತದೆಯೇ ಸೇರಿಸಿದ: "ಹೋಗಿದ್ದು ಅಷ್ಟೇ ಅಲ್ಲಮ್ಮ. ಈ ಐದು ವರ್ಷದಲ್ಲಿ ಬೆಲೆಯೆಲ್ಲ 24 ಪರ್ಸೆಂಟ್ ಏರಿದೆ. ನಿನ್ನ ದುಡ್ಡು ಬೆಳೆದಿದ್ದು 16. ಅಲ್ಲಿಗೆ ಎಂಟು ಪರ್ಸೆಂಟ್ ಲಾಸು. ಅಲ್ವಾ ಚಿಕ್ಕಪ್ಪ?"

ಅಮ್ಮ ಮಗ ಇಬ್ಬರ ಅಂಕಿಗಳೂ ಸರಿಯಾಗಿದ್ದವು, ಇಬ್ಬರ ಲೆಕ್ಕವೂ ತಪ್ಪಾಗಿತ್ತು. ಇಬ್ಬರೂ ಎಡವಿದ್ದು ಒಂದೇ ಕಲ್ಲಿಗೆ. ಮೂರು ಲಕ್ಷ ರೂಪಾಯಿ ಐದು ವರ್ಷವೂ ಖಾತೆಯಲ್ಲಿತ್ತು ಎಂದು ಇಬ್ಬರೂ ಭಾವಿಸಿದ್ದರು. ಅದು ಅಲ್ಲಿ ಇರಲಿಲ್ಲ. ಆವರ್ತ ಠೇವಣಿ, ಅಂದರೆ ನಾವೆಲ್ಲ ಆರ್‌ಡಿ ಎನ್ನುವುದು, ಒಂದು ಠೇವಣಿಯಲ್ಲ. ಅತ್ತಿಗೆಯದು ತಿಂಗಳಿಗೆ 5,000 ರೂಪಾಯಿಯಂತೆ ಕಟ್ಟಿದ ಅರವತ್ತು ಪುಟ್ಟ ಠೇವಣಿಗಳ ಗೊಂಚಲು. ಒಂದೊಂದಕ್ಕೂ ಒಂದೊಂದು ವಯಸ್ಸು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋಗಿ ಅವರು ಕಟ್ಟಿದ ಮೊದಲ ಕಂತು 60 ತಿಂಗಳು ಬಡ್ಡಿ ದುಡಿಯಿತು. 2025ರ ಮಾರ್ಚ್‌ನಲ್ಲಿ ಕಟ್ಟಿದ ಕೊನೆಯ ಕಂತು ದುಡಿದದ್ದು ಒಂದೇ ತಿಂಗಳು.

ಎಂಜಿಕೆ ತೊಳೆದ ಕೈಯಲ್ಲೇ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಕೂತೆ. ಮೊದಲು ಸರಳ ಬಡ್ಡಿಯಲ್ಲೇ ನೋಡೋಣ ಎಂದೆ. 60, 59, 58 ಎಂದು ಇಳಿಯುತ್ತ ಒಂದರವರೆಗಿನ ತಿಂಗಳುಗಳನ್ನೆಲ್ಲ ಕೂಡಿದರೆ 1,830. ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಹಾಗೆಯೇ, 60ನ್ನು 61ರಿಂದ ಗುಣಿಸಿ ಎರಡರಿಂದ ಭಾಗಿಸಿದರೂ ಅಷ್ಟೇ. ಅಂದರೆ ಅತ್ತಿಗೆಯ ಐದು ಸಾವಿರವೊಂದು 1,830 ತಿಂಗಳು ದುಡಿದಂತಾಯಿತು. ಅದಕ್ಕೆ ವರ್ಷಕ್ಕೆ ಶೇ 5.8ರಂತೆ ಬಡ್ಡಿ 44,225 ರೂಪಾಯಿ. 1,830ನ್ನು ಅರವತ್ತು ಕಂತುಗಳಿಗೆ ಹಂಚಿದರೆ ಒಂದೊಂದು ಕಂತೂ ಸರಾಸರಿ ಮೂವತ್ತೂವರೆ ತಿಂಗಳು ಮಾತ್ರ ಖಾತೆಯಲ್ಲಿತ್ತು. ಐದು ವರ್ಷದ ಆರ್‌ಡಿ ಎಂದು ಹೆಸರಿದ್ದರೂ ಅದರೊಳಗಿನ ಹಣದ ಸರಾಸರಿ ಆಯುಸ್ಸು ಎರಡೂವರೆ ವರ್ಷವೇ. ಬಡ್ಡಿಯನ್ನು ಐದರಿಂದ ಭಾಗಿಸಿದ್ದಕ್ಕೇ ಅತ್ತಿಗೆಗೆ ಅದು ಅರ್ಧಕ್ಕೆ ಇಳಿದಂತೆ ಕಂಡದ್ದು.

ಆದರೆ ಅವರಿಗೆ ಬಂದದ್ದು 44,225 ಅಲ್ಲ, 48,484. ಹೆಚ್ಚಿನ 4,259 ರೂಪಾಯಿ ಬಡ್ಡಿಯ ಮೇಲೆ ಹುಟ್ಟಿದ ಬಡ್ಡಿ. ಅಂಚೆ ಕಚೇರಿಯಾಗಲಿ ಬ್ಯಾಂಕಾಗಲಿ ಆರ್‌ಡಿಯ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತವೆ. ಶೇ 5.8ನ್ನು ನಾಲ್ಕು ಪಾಲು ಮಾಡಿದರೆ ತ್ರೈಮಾಸಿಕಕ್ಕೆ ಶೇ 1.45. ಐದು ವರ್ಷದಲ್ಲಿ ಇಂಥ ಇಪ್ಪತ್ತು ತ್ರೈಮಾಸಿಕಗಳು. ಮೊದಲ ಕಂತಿನ 5,000 ರೂಪಾಯಿ ಇಪ್ಪತ್ತು ಸಲ ಹೀಗೆ ಉಬ್ಬಿ 6,668 ಆಯಿತು. ಕೊನೆಯ ಕಂತು 5,024ಕ್ಕೇ ನಿಂತಿತು. ನಡುವಿನ ಐವತ್ತೆಂಟು ಕಂತುಗಳು ಈ ಎರಡರ ನಡುವೆ ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ. ಅರವತ್ತನ್ನೂ ಕೂಡಿದರೆ ಮೆಚ್ಯೂರಿಟಿ ಮೊತ್ತ 3,48,484.

ಅರವತ್ತು ಸಾಲು ಬರೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಮೊಬೈಲಿನ ಸ್ಪ್ರೆಡ್‌ಶೀಟಿನಲ್ಲಿ ಒಂದೇ ಸಾಲು ಸಾಕು:

```
=FV((1+5.8%/4)^(1/3)-1, 60, -5000, 0, 1)
```

ಇದರಲ್ಲಿ ಜನ ಎರಡು ಕಡೆ ಜಾರುತ್ತಾರೆ. ಒಂದು, ಬಡ್ಡಿಯನ್ನು ನೇರವಾಗಿ ಹನ್ನೆರಡರಿಂದ ಭಾಗಿಸಿ ಹಾಕುವುದು. ಹಾಗೆ ಮಾಡಿದರೆ ತಿಂಗಳು ತಿಂಗಳೂ ಚಕ್ರಬಡ್ಡಿ ಕೊಟ್ಟಂತಾಗಿ ಉತ್ತರ 257 ರೂಪಾಯಿ ಹೆಚ್ಚು ಬರುತ್ತದೆ. ಅದಕ್ಕೇ ಮೊದಲು ತ್ರೈಮಾಸಿಕ ದರ ಹಿಡಿದು, ಅದರ ಘನಮೂಲದಿಂದ ತಿಂಗಳ ದರ ತೆಗೆದದ್ದು. ಇನ್ನೊಂದು, ಕೊನೆಯಲ್ಲಿರುವ 1 ಎಂಬ ಅಂಕಿಯನ್ನು ಮರೆಯುವುದು. ಕಂತನ್ನು ತಿಂಗಳ ಆರಂಭದಲ್ಲೇ ಕಟ್ಟುತ್ತೇವೆ ಎಂದು ಹೇಳುವ ಅಂಕಿ ಅದು. ಅದು ಬಿಟ್ಟುಹೋದರೆ ಅರವತ್ತೂ ಕಂತುಗಳ ವಯಸ್ಸು ಒಂದೊಂದು ತಿಂಗಳು ಕಡಿಮೆಯಾಗಿ 1,668 ರೂಪಾಯಿ ಮಾಯವಾಗುತ್ತದೆ. ನಿಮ್ಮ ಉತ್ತರಕ್ಕೂ ಪಾಸ್‌ಬುಕ್ಕಿಗೂ ಹತ್ತಿಪ್ಪತ್ತು ರೂಪಾಯಿ ವ್ಯತ್ಯಾಸವಿದ್ದರೆ ಅದು ಸಂಸ್ಥೆ ದಿನಗಳನ್ನು ಎಣಿಸುವ ರೀತಿಯದು. ಸಾವಿರಗಳಲ್ಲಿದ್ದರೆ ಈ ಎರಡರಲ್ಲೊಂದು ತಪ್ಪಿರಬೇಕು, ಇಲ್ಲವೇ ಯಾವುದೋ ಕಂತು ತಡವಾಗಿರಬೇಕು.

ತಡವಾದ ಕಂತಿನ ವಿಷಯ ಅಂಚೆ ಕಚೇರಿಯಲ್ಲಿ ಸ್ವಲ್ಪ ಖಾರವೇ. ತಿಂಗಳ 15ರೊಳಗೆ ತೆರೆದ ಖಾತೆಗೆ ಪ್ರತಿ ತಿಂಗಳೂ 15ರೊಳಗೆ ಕಟ್ಟಬೇಕು, 16ರ ನಂತರ ತೆರೆದಿದ್ದರೆ ತಿಂಗಳ ಕೊನೆಯ ಕೆಲಸದ ದಿನದೊಳಗೆ. ತಪ್ಪಿದರೆ ನೂರು ರೂಪಾಯಿಗೆ ತಿಂಗಳಿಗೊಂದು ರೂಪಾಯಿ ದಂಡ. ಕೇಳಲು ಒಂದೇ ರೂಪಾಯಿ, ವರ್ಷದ ಲೆಕ್ಕಕ್ಕೆ ತಂದರೆ ಶೇ 12. ನಿಮಗೆ ಕೊಡುವುದು 5.8, ನಿಮ್ಮಿಂದ ಕೀಳುವುದು 12. ಅವಧಿಗೆ ಮುಂಚೆ ಮುಚ್ಚುವುದಾದರೆ ಮೂರು ವರ್ಷ ಕಳೆದಿರಬೇಕು. ಆಗಲೂ ಸಿಗುವುದು ಉಳಿತಾಯ ಖಾತೆಯ ಬಡ್ಡಿ ಮಾತ್ರ, ಅಂದರೆ ಶೇ 4. ಮೆಚ್ಯೂರಿಟಿಗೆ ಒಂದು ದಿನ ಮುಂಚೆ ಮುಚ್ಚಿದರೂ ಅದೇ. ನಾಲ್ಕು ವರ್ಷ ಹನ್ನೊಂದು ತಿಂಗಳು ಕಟ್ಟಿ, ಮದುವೆಯ ಖರ್ಚಿಗೆಂದು ಆತುರದಲ್ಲಿ ಮುರಿಸಿದವರನ್ನು ನಾನು ಬಲ್ಲೆ.

ಅತ್ತಿಗೆ ಮಾತ್ರ ಒಂದು ಕಂತನ್ನೂ ತಪ್ಪಿಸಿರಲಿಲ್ಲ. ಅವರು ತಪ್ಪಿಸಿಕೊಂಡದ್ದು ಬೇರೆಯದನ್ನು. 2020ರ ಮಾರ್ಚ್ 31ರವರೆಗೆ ಅಂಚೆ ಆರ್‌ಡಿಗೆ ಶೇ 7.2 ಬಡ್ಡಿಯಿತ್ತು. ಏಪ್ರಿಲ್ 1ರಂದು ಅದು ಒಂದೇ ಏಟಿಗೆ 5.8ಕ್ಕೆ ಇಳಿಯಿತು. ಖಾತೆ ತೆರೆದ ದಿನದ ದರವೇ ಐದು ವರ್ಷಕ್ಕೂ ನಿಲ್ಲುವುದರಿಂದ, ಮಾರ್ಚ್ ಮೊದಲ ವಾರದಲ್ಲೇ ಹೋಗಿದ್ದರೆ ಅವರ ಕೈಗೆ 3,61,569 ಬರುತ್ತಿತ್ತು. 13,085 ರೂಪಾಯಿ ಹೆಚ್ಚು. "ಮಾರ್ಚಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳ ಸ್ಪೆಷಲ್ ಕ್ಲಾಸ್ ಇತ್ತು" ಎಂದರು ಅತ್ತಿಗೆ, ಯಾರನ್ನೋ ಕ್ಷಮಿಸುವವರ ದನಿಯಲ್ಲಿ.

ಇನ್ನು ಮಗರಾಯನ ಲೆಕ್ಕ. 24 ಎಂಬ ಅವನ ಅಂಕಿ ಎಲ್ಲಿಂದಲೋ ಹಾರಿಬಂದದ್ದಲ್ಲ. ಕೇಂದ್ರ ಸರ್ಕಾರದ ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ ಹಣದುಬ್ಬರ 2021-22ರಲ್ಲಿ ಸರಾಸರಿ ಶೇ 5.5, ಮರುವರ್ಷ 6.7, ಆಮೇಲೆ 5.4, 2024-25ರಲ್ಲಿ 4.6. ಒಂದರ ಮೇಲೊಂದು ಏರಿಸಿದರೆ 2020-21ರಲ್ಲಿ ನೂರು ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ 2024-25ರಲ್ಲಿ 124 ರೂಪಾಯಿ ಕೊಡಬೇಕು. ಅಲ್ಲಿಯವರೆಗೆ ಸರಿ. ಆದರೆ ಆ 24ರ ಹೊಡೆತ ತಿಂದದ್ದು ಮೊದಲ ವರ್ಷದ ಕಂತುಗಳು ಮಾತ್ರ. 2025ರ ಮಾರ್ಚ್‌ನಲ್ಲಿ ಕಟ್ಟಿದ ಐದು ಸಾವಿರ 2020ರ ಬೆಲೆಯನ್ನು ಕಂಡೇ ಇಲ್ಲ. ಅದಕ್ಕೂ 24ರ ದಂಡ ಹಾಕಿದರೆ, ನಿನ್ನೆ ಶಾಲೆಗೆ ಸೇರಿದ ಮಗುವಿನ ಹತ್ತಿರ ಐದು ವರ್ಷದ ಫೀಸು ಕೇಳಿದ ಹಾಗೆ.

ಹಾಗಾದರೆ ಬೆಲೆಯೇರಿಕೆಯನ್ನೂ ಕಂತಿನ ವಯಸ್ಸಿನ ಪ್ರಕಾರವೇ ಎಣಿಸಬೇಕು. ಅರವತ್ತು ಕಂತಿಗೂ ಬೇಡ, ವರ್ಷಕ್ಕೊಂದರಂತೆ ಐದು ಗುಂಪು ಮಾಡಿದರೆ ಸಾಕು. ಒಂದೊಂದು ಗುಂಪಿನಲ್ಲೂ 60,000 ರೂಪಾಯಿ. ಪ್ರತಿ ಗುಂಪಿಗೂ ಎರಡು ಪ್ರಶ್ನೆ. ಅದು ಬೆಳೆದು ಎಷ್ಟಾಯಿತು? ಬೆಲೆಯ ಜೊತೆ ಹೆಜ್ಜೆ ಹಾಕಲು ಎಷ್ಟಾಗಬೇಕಿತ್ತು?

ಮೊದಲ ವರ್ಷದ ಅರವತ್ತು ಸಾವಿರ ಬಡ್ಡಿ ಸೇರಿ 77,946 ಆಯಿತು. ಆ ಹಣದಲ್ಲಿ ಅಂದು ಬರುತ್ತಿದ್ದ ಸಾಮಾನಿಗೆ ಈಗ ಬೇಕಾದದ್ದು 74,463. ಮಿಕ್ಕದ್ದು 3,483. ಎರಡನೆಯ ವರ್ಷದ್ದು 73,584ಕ್ಕೆ ಬೆಳೆಯಿತು, ಬೇಕಿದ್ದದ್ದು 70,581. ಮೂರನೆಯ ವರ್ಷದ್ದು 69,466, ಬೇಕಿದ್ದದ್ದು 66,149. ನಾಲ್ಕನೆಯದು 65,579, ಬೇಕಿದ್ದದ್ದು 62,760. ಕೊನೆಯ ವರ್ಷದ್ದು 61,909. ಅದನ್ನು 2024-25ರ ಬೆಲೆಯಲ್ಲೇ ಅಳೆಯುತ್ತಿರುವುದರಿಂದ ಬೇಕಿದ್ದದ್ದು 60,000ವೇ. 2025ರ ಏಪ್ರಿಲ್ ಹೊತ್ತಿಗೆ ತರಕಾರಿ ಅಗ್ಗವಾಗಿ ಬೆಲೆಮಟ್ಟ ಹಿಂದಿನ ವರ್ಷದ ಸರಾಸರಿಯ ಆಸುಪಾಸಿನಲ್ಲೇ ಇದ್ದದ್ದರಿಂದ ಹೀಗೆ ಅಳೆಯುವುದರಲ್ಲಿ ಹೆಚ್ಚು ಮೋಸವಿಲ್ಲ.

ಬೇಕಿದ್ದದ್ದನ್ನೆಲ್ಲ ಕೂಡಿದರೆ 3,33,953. ಈ ಮೊತ್ತವನ್ನು ಸ್ವಲ್ಪ ಹೊತ್ತು ನೋಡಬೇಕು. ಅತ್ತಿಗೆ ಕಟ್ಟಿದ್ದು ಮೂರು ಲಕ್ಷ ಎಂದು ಪಾಸ್‌ಬುಕ್ ಹೇಳುತ್ತದೆ. ಆದರೆ ಅವರು ಬಿಟ್ಟುಕೊಟ್ಟ ಸೀರೆ, ಎಣ್ಣೆ, ಬಸ್ ಚಾರ್ಜುಗಳನ್ನು ಇವತ್ತಿನ ರೂಪಾಯಿಯಲ್ಲಿ ಎಣಿಸಿದರೆ ಅವರು ನಿಜಕ್ಕೂ ಕಟ್ಟಿದ್ದು 3,33,953. ವಾಪಸು ಬಂದದ್ದು 3,48,484. ನಿಜವಾದ ಗಳಿಕೆ 14,531 ರೂಪಾಯಿ. ಹಣ ಸರಾಸರಿ ಎರಡೂವರೆ ವರ್ಷ ಇದ್ದುದರಿಂದ ವರ್ಷಕ್ಕೆ ಸುಮಾರು ಶೇ 1.7. ಮಗ ಹೇಳಿದ ನಷ್ಟವೂ ಅಲ್ಲ, ಅಂಚೆ ಕಚೇರಿಯ ಬೋರ್ಡಿನ ಮೇಲಿದ್ದ 5.8ಊ ಅಲ್ಲ. 48,484ರ ಬಡ್ಡಿಯಲ್ಲಿ 33,953 ಬೆಲೆಯೇರಿಕೆ ಕಚ್ಚಿದ ಜಾಗವನ್ನು ತುಂಬಲು ಹೋಯಿತು.

"ಹದಿನಾಲ್ಕು ಸಾವಿರ ಆದರೂ ಮಿಕ್ಕಿತಲ್ಲ" ಎಂದು ಅತ್ತಿಗೆ ಎದ್ದು ಕಾಫಿಗೆ ಹೋಗುವವರಿದ್ದರು. ತೆರಿಗೆ ಇನ್ನೂ ಬಾಕಿ ಇತ್ತು.

ಆರ್‌ಡಿಯ ಬಡ್ಡಿ ಪೂರ್ತಿಯಾಗಿ ನಮ್ಮ ಆದಾಯಕ್ಕೆ ಸೇರಿ, ನಾವಿರುವ ಸ್ಲ್ಯಾಬಿನ ದರದಲ್ಲೇ ತೆರಿಗೆಗೆ ಒಳಪಡುತ್ತದೆ. ಉಳಿತಾಯ ಖಾತೆಯ ಬಡ್ಡಿಗೆ ಹಳೆಯ ಪದ್ಧತಿಯಲ್ಲಿ ಸಿಗುವ ಹತ್ತು ಸಾವಿರದ ರಿಯಾಯಿತಿ ಇದಕ್ಕಿಲ್ಲ. ಇಲ್ಲಿ ಕಣ್ಣಿಗೆ ಬೀಳದ ಒಂದು ವಿಷಯವಿದೆ. ತೆರಿಗೆ ಬೀಳುವುದು 14,531ರ ಮೇಲಲ್ಲ, 48,484ರ ಮೇಲೆ. ಬೆಲೆಯೇರಿಕೆಯ ಗಾಯಕ್ಕೆ ಹಚ್ಚಿದ ಮುಲಾಮೂ ಕಾನೂನಿನ ಕಣ್ಣಿಗೆ ಆದಾಯವೇ. ಶೇ 20ರ ಸ್ಲ್ಯಾಬಿನಲ್ಲಿರುವವರು ಸೆಸ್ ಸೇರಿ 20.8ರಂತೆ 10,085 ರೂಪಾಯಿ ಕಟ್ಟುತ್ತಾರೆ. ಅವರಿಗೆ ನಿಜದಲ್ಲಿ ಉಳಿಯುವುದು 4,446. ಹೆಸರಿಗೆ ಶೇ 20ರ ತೆರಿಗೆ, ನಿಜವಾದ ಗಳಿಕೆಗೆ ಹೋಲಿಸಿದರೆ ಅದು ಶೇ 69. ಶೇ 30ರ ಸ್ಲ್ಯಾಬಿನವರ ತೆರಿಗೆ 15,127. ಅದು ನಿಜವಾದ ಗಳಿಕೆಗಿಂತಲೇ 596 ರೂಪಾಯಿ ಹೆಚ್ಚು. ಐದು ವರ್ಷ ಶಿಸ್ತಾಗಿ ಕಟ್ಟಿ, ಕೊನೆಗೆ ಕೊಂಡುಕೊಳ್ಳುವ ಶಕ್ತಿಯಲ್ಲಿ ಒಂದು ಒಳ್ಳೆಯ ಊಟದಷ್ಟು ಹಿಂದೆ ಬೀಳುತ್ತಾರೆ. ಮಗ ಇರುವುದು ಆ ಸ್ಲ್ಯಾಬಿನಲ್ಲೇ. ಹಾಗಾಗಿ ಅವನ ಲೆಕ್ಕ ತಪ್ಪಾದರೂ ಅವನ ಮಟ್ಟಿಗೆ ಉತ್ತರದ ದಿಕ್ಕು ಸರಿಯಾಗಿತ್ತು. ಅವನು ಅದನ್ನು ಎರಡು ಸಲ ಹೇಳಿಸಿಕೊಂಡ.

"ನನ್ನನ್ನ ಬಿಡು" ಎಂದರು ಅತ್ತಿಗೆ. "ಈ ವರ್ಷದಿಂದ ಹನ್ನೆರಡು ಲಕ್ಷದವರೆಗೆ ಟ್ಯಾಕ್ಸೇ ಇಲ್ಲವಲ್ಲ."

ನನ್ನ ಪೆನ್ಸಿಲ್ ನಿಂತದ್ದು ಅಲ್ಲಿ. ಸಂಬಳ ಎಷ್ಟು ಎಂದು ಕೇಳಿದೆ. ಹೈಸ್ಕೂಲಿನಲ್ಲಿ ಬಹಳ ವರ್ಷ ಪಾಠ ಮಾಡಿದವರು, ವರ್ಷಕ್ಕೆ 12,60,000 ಬರುತ್ತದೆ. ಹೊಸ ಪದ್ಧತಿಯಲ್ಲಿ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 11,85,000. 2025-26ರ ನಿಯಮದಂತೆ 12 ಲಕ್ಷದೊಳಗಿನ ಆದಾಯಕ್ಕೆ ರಿಬೇಟ್ ಸಿಗುವುದರಿಂದ ತೆರಿಗೆ ಸೊನ್ನೆ. ಆದರೆ ಅವರು ಇಷ್ಟು ವರ್ಷ ರಿಟರ್ನ್ಸ್ ತುಂಬುವಾಗ ಆರ್‌ಡಿಯ ಬಡ್ಡಿಯನ್ನು ತೋರಿಸಿರಲಿಲ್ಲ, ಕೈಗೆ ಬಂದಾಗ ತೋರಿಸಿದರಾಯಿತು ಎಂದುಕೊಂಡಿದ್ದರು. ಅದರಲ್ಲಿ ತಪ್ಪಿಲ್ಲ. ಇಂಥ ಆದಾಯವನ್ನು ಕೈಗೆ ಬಂದ ವರ್ಷದಲ್ಲಿ ತೋರಿಸಬಹುದು, ಅಥವಾ ವರ್ಷ ವರ್ಷವೂ ಖಾತೆಯಲ್ಲಿ ಹುಟ್ಟಿದ ಹಾಗೆ ತೋರಿಸಬಹುದು. ಹಿಡಿದ ಪದ್ಧತಿಯನ್ನು ಮಾತ್ರ ಅನುಕೂಲ ನೋಡಿ ನೋಡಿ ಬದಲಿಸುವಂತಿಲ್ಲ. ಅತ್ತಿಗೆಗೆ ಕೈಗೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಐದು ವರ್ಷದ ಬಡ್ಡಿಯೆಲ್ಲ ಒಂದೇ ವರ್ಷದ ತಲೆಯ ಮೇಲೆ ಬಿತ್ತು.

11,85,000ಕ್ಕೆ 48,484 ಸೇರಿದರೆ 12,33,484. ಗೆರೆ ದಾಟಿತು. ದಾಟಿದೊಡನೆ ರಿಬೇಟ್ ಹಾರಿಹೋಗಿ, ಸ್ಲ್ಯಾಬುಗಳ ಪ್ರಕಾರ 65,000 ರೂಪಾಯಿ ಚಿಲ್ಲರೆ ತೆರಿಗೆ ಎದ್ದು ನಿಲ್ಲುತ್ತದೆ. ಅದು ತೀರಾ ಅನ್ಯಾಯವೆಂದು ಕಾನೂನೇ ಒಂದು ಕರುಣೆ ತೋರಿಸಿದೆ: ತೆರಿಗೆಯು ಗೆರೆ ದಾಟಿದ ಮೊತ್ತಕ್ಕಿಂತ ಹೆಚ್ಚಾಗಬಾರದು. ಇದನ್ನು ಮಾರ್ಜಿನಲ್ ರಿಲೀಫ್ ಎನ್ನುತ್ತಾರೆ. ಅತ್ತಿಗೆಯ ಆದಾಯ ಗೆರೆ ದಾಟಿದ್ದು 33,484ರಷ್ಟು. ಹಾಗಾಗಿ ತೆರಿಗೆ ಅಷ್ಟಕ್ಕೇ ನಿಲ್ಲುತ್ತದೆ, ಅದರ ಮೇಲೆ ಶೇ 4ರ ಸೆಸ್. ಎಲ್ಲ ಸೇರಿ ಸುಮಾರು 34,800. ಕರುಣೆಯ ಇನ್ನೊಂದು ಮಗ್ಗುಲು ನೋಡಿ. ಗೆರೆಯಿಂದಾಚೆಗೆ ಬಂದ ಒಂದೊಂದು ರೂಪಾಯಿಗೂ ಒಂದು ರೂಪಾಯಿ ನಾಲ್ಕು ಪೈಸೆ ತೆರಿಗೆ! ಹನ್ನೆರಡು ಲಕ್ಷದ ಮೇಲೆ ಸುಮಾರು 70,500 ರೂಪಾಯಿ ದಾಟುವವರೆಗೂ ಈ ಕಂದಕ ಹೀಗೇ ಇರುತ್ತದೆ. ಅಲ್ಲಿಂದಾಚೆ ಮಾಮೂಲಿ ಸ್ಲ್ಯಾಬಿನ ಲೆಕ್ಕ.

ಅಂದರೆ 48,484ರ ಬಡ್ಡಿಯಲ್ಲಿ 34,800 ತೆರಿಗೆಗೆ. ನಿಜವಾದ ಗಳಿಕೆ ಎಂದುಕೊಂಡಿದ್ದ 14,531 ಕರಗಿ, ಅದರ ಜಾಗದಲ್ಲಿ ಸುಮಾರು 20,300 ರೂಪಾಯಿಯ ನಷ್ಟ ಕೂತಿತು. ಸಂಬಳ ಎರಡರಷ್ಟಿರುವ ಮಗನಿಗೆ 596ರ ನಷ್ಟವಾಗುವ ಕಡೆ, ತೆರಿಗೆಯೇ ಇಲ್ಲ ಎಂದು ನಿಶ್ಚಿಂತೆಯಾಗಿದ್ದ ಅಮ್ಮನಿಗೆ ಇಪ್ಪತ್ತು ಸಾವಿರ. ವರ್ಷ ವರ್ಷವೂ ತೋರಿಸಿದ್ದರೆ ಮೊದಲ ವರ್ಷ 1,909, ಆಮೇಲೆ 5,580, 9,466, 13,583, ಕೊನೆಯ ವರ್ಷ 17,946, ಹೀಗೆ ಹಂಚಿಹೋಗುತ್ತಿತ್ತು. ಆ ವರ್ಷಗಳಲ್ಲಿ ಅವರು ಹಳೆಯ ಪದ್ಧತಿಯ ಶೇ 20ರ ಸ್ಲ್ಯಾಬಿನಲ್ಲಿದ್ದರು. ಒಟ್ಟು ಹತ್ತು ಸಾವಿರದ ಹತ್ತಿರ ಮುಗಿಯುತ್ತಿತ್ತು. ಖಾತೆಯನ್ನು ಮಾರ್ಚ್‌ನಲ್ಲಿ ತೆರೆದಿದ್ದರೆ ಮೆಚ್ಯೂರಿಟಿಯೂ ಮಾರ್ಚ್‌ನಲ್ಲೇ ಬಂದು, ಹಿಂದಿನ ಆರ್ಥಿಕ ವರ್ಷಕ್ಕೆ ಸೇರಿ ಇದೇ 20.8ರಲ್ಲಿ ಮುಗಿಯುತ್ತಿತ್ತು. ಸ್ಪೆಷಲ್ ಕ್ಲಾಸಿನ ಬೆಲೆ ಎರಡು ಸಲ ಕೊಟ್ಟಂತಾಯಿತು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಹಾಳೆಯಲ್ಲಿ ಬರೆದೆ. ಅವರು ಓದಿಕೊಂಡರು.

ಮಗ ಟಿಡಿಎಸ್ ಬಗ್ಗೆ ಕೇಳಿದ, ಅವನಿಗೆ ಬ್ಯಾಂಕಿನಲ್ಲಿ ಒಂದು ಆರ್‌ಡಿ ಇದೆ. 2025ರ ಏಪ್ರಿಲ್‌ನಿಂದ ಒಂದು ಬ್ಯಾಂಕಿನಲ್ಲಿ ವರ್ಷದ ಠೇವಣಿ ಬಡ್ಡಿ 50,000 ದಾಟಿದರೆ ಬ್ಯಾಂಕು ಶೇ 10 ಮುರಿದುಕೊಳ್ಳುತ್ತದೆ, ಹಿರಿಯ ನಾಗರಿಕರಿಗೆ ಮಿತಿ ಒಂದು ಲಕ್ಷ. ಮುರಿದುಕೊಂಡರೆ ತೆರಿಗೆ ಮುಗಿಯಿತು ಎಂದು ಕೆಲವರು, ಮುರಿದುಕೊಳ್ಳದಿದ್ದರೆ ತೆರಿಗೆಯೇ ಇಲ್ಲ ಎಂದು ಇನ್ನು ಕೆಲವರು ತಿಳಿಯುತ್ತಾರೆ. ಅದು ಮುಂಗಡ ಅಷ್ಟೇ. ಪೂರ್ತಿ ಲೆಕ್ಕ ರಿಟರ್ನ್ಸ್‌ನಲ್ಲಿ.

ಕಾಫಿ ಬಂದ ಮೇಲೆ ಮುಂದಿನ ಲೆಕ್ಕಕ್ಕೆ ಕೂತೆವು, ಏಕೆಂದರೆ ಮೆಚ್ಯೂರಿಟಿ ಆದ ವಾರವೇ ಅತ್ತಿಗೆ ಮತ್ತೊಂದು ಐದು ಸಾವಿರದ ಆರ್‌ಡಿ ತೆರೆದಿದ್ದರು. ಈಗಿನ ದರ, 2023ರ ಅಕ್ಟೋಬರ್‌ನಿಂದ ಇರುವ ಶೇ 6.7. ಐದು ವರ್ಷಕ್ಕೆ 3,56,829 ಬರುತ್ತದೆ, ಬಡ್ಡಿ 56,829. ಮುಂದಿನ ಐದು ವರ್ಷದ ಬೆಲೆ ಯಾರಿಗೂ ಗೊತ್ತಿಲ್ಲವಾದ್ದರಿಂದ ಐದು ಗುಂಪಿನ ಲೆಕ್ಕ ಇಲ್ಲಿ ನಡೆಯದು. ಆದರೆ ದರಗಳ ಮೇಲೇ ಒಂದು ಅಂದಾಜು ಮಾಡಬಹುದು. ಮೂರು ತಿಂಗಳಿಗೊಮ್ಮೆ ಸೇರುವ ಶೇ 6.7, ವರ್ಷದ ಲೆಕ್ಕದಲ್ಲಿ 6.87. ಅದರಿಂದ ತೆರಿಗೆ ಕಳೆಯಬೇಕು. ಶೇ 30ರ ಸ್ಲ್ಯಾಬಾದರೆ 4.73 ಉಳಿಯುತ್ತದೆ. ಆಮೇಲೆ 104.73ನ್ನು, ಬೆಲೆ ಶೇ 4 ಏರುತ್ತದೆ ಎಂದುಕೊಂಡರೆ 104ರಿಂದ ಭಾಗಿಸಬೇಕು. ನಿಜವಾದ ಗಳಿಕೆ ವರ್ಷಕ್ಕೆ ಶೇ 0.7. ತೆರಿಗೆಯೇ ಇಲ್ಲದವರಿಗೆ ಅದು ಶೇ 2.76.

ನಾಲ್ಕು ಎಂದು ಹಿಡಿದದ್ದೇಕೆಂದರೆ ರಿಸರ್ವ್ ಬ್ಯಾಂಕಿಗೆ ಹಾಕಿಕೊಟ್ಟಿರುವ ಗುರಿ ಅದು, ಎರಡು ಮೇಲೆ ಎರಡು ಕೆಳಗೆ ಆಡಲು ಬಿಟ್ಟು. ಮೇಲಿನ ತುದಿಯಾದ ಆರಕ್ಕೆ ಹೋದರೆ ಶೇ 30ರ ಸ್ಲ್ಯಾಬಿನವರು ವರ್ಷಕ್ಕೆ ಶೇ 1.2 ಕಳೆದುಕೊಳ್ಳುತ್ತಾರೆ. ಕೆಳಗೂ ಹೋಗಬಹುದು. ನಾವು ಲೆಕ್ಕ ಹಾಕಿ ನಾಲ್ಕು ತಿಂಗಳಾದ ಮೇಲೆ, 2025ರ ಅಕ್ಟೋಬರ್‌ನಲ್ಲಿ, ಹಣದುಬ್ಬರ ಶೇ 0.25ಕ್ಕೆ ಇಳಿದಿತ್ತು. ಅಂಥ ತಿಂಗಳಲ್ಲಿ ಸಾದಾ ಆರ್‌ಡಿ ಕೂಡ ಒಳ್ಳೆಯ ಗಳಿಕೆಯೇ. ಆ ತಿಂಗಳು ಐದು ವರ್ಷ ಇರುವುದಿಲ್ಲ ಎಂಬುದೇ ತೊಂದರೆ.

ಇನ್ನೊಂದು ಮಾತು. ಸೂಚ್ಯಂಕದ ಬೆಲೆ ಎಲ್ಲರ ಮನೆಯ ಬೆಲೆಯಲ್ಲ. ನಾವು ಬಳಸಿದ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಶೇ 46ರ ಹತ್ತಿರ, ಶಿಕ್ಷಣದ್ದು ನಾಲ್ಕೂವರೆಯೂ ಇಲ್ಲ. ಟೊಮೆಟೊ ಅಗ್ಗವಾದರೆ ಸೂಚ್ಯಂಕ ತಗ್ಗುತ್ತದೆ, ಶಾಲೆಯ ಫೀಸು ತಗ್ಗುವುದಿಲ್ಲ. ಮಗಳ ಕಾಲೇಜಿಗೆಂದು ಆರ್‌ಡಿ ಕಟ್ಟುವವರು ಸೂಚ್ಯಂಕವನ್ನು ಬಿಟ್ಟು ಆ ಕಾಲೇಜಿನ ಐದು ವರ್ಷದ ಹಿಂದಿನ ಮತ್ತು ಈಗಿನ ಫೀಸಿನ ರಸೀದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಲೆಕ್ಕ ಹಾಕುವುದು ಮೇಲು.

ಅತ್ತಿಗೆಯ ಹೊಸ ಖಾತೆಗೆ ಬಂದರೆ, ಅವರು ತಾವೇ ಒಂದು ತೀರ್ಮಾನಕ್ಕೆ ಬಂದಿದ್ದರು. "ಇನ್ನು ಮೇಲೆ ವರ್ಷ ವರ್ಷವೂ ಬಡ್ಡಿ ತೋರಿಸಿಬಿಡ್ತೀನಿ, ಒಟ್ಟಿಗೆ ಬಿದ್ದರಲ್ಲವೇ ಈ ಗೋಳು."

ನಿವೃತ್ತಿ ಯಾವಾಗ ಎಂದು ಕೇಳಿದೆ. 2029ರಲ್ಲಂತೆ.

ಮೊದಲ ಹನ್ನೆರಡು ತಿಂಗಳಿಗೆ ಈ ಖಾತೆಯಲ್ಲಿ ಹುಟ್ಟುವ ಬಡ್ಡಿ 2,210 ರೂಪಾಯಿ. ಅದನ್ನು ಈ ವರ್ಷವೇ ತೋರಿಸಿದರೆ, ಈಗಾಗಲೇ ಗೆರೆ ದಾಟಿ ನಿಂತಿರುವ ಅವರಿಗೆ ಆ 2,210ಕ್ಕೆ ಪೂರ್ತಿ 2,210, ಜೊತೆಗೆ ಸೆಸ್ ಕಟ್ಟಬೇಕಾಗುತ್ತದೆ. ಮುಂದಿನ ವರ್ಷ ಸಂಬಳ ಏರಿ ಅವರು ಮತ್ತೆ ಹನ್ನೆರಡು ಲಕ್ಷದ ಗೆರೆಯ ಪಕ್ಕಕ್ಕೇ ಬರುತ್ತಾರೆ. ಅದೇ ಏನೂ ಬದಲಿಸದೆ, ಇಷ್ಟು ವರ್ಷ ಮಾಡಿದಂತೆ ಕೈಗೆ ಬಂದಾಗಲೇ ತೋರಿಸಿದರೆ ಇಡೀ 56,829 ಬೀಳುವುದು 2030ರ ಏಪ್ರಿಲ್‌ನಲ್ಲಿ. ಆ ಹೊತ್ತಿಗೆ ಅವರಿಗೆ ಬರುವುದು ಪಿಂಚಣಿ ಮಾತ್ರ, ಸಂಬಳದ ಅರ್ಧದ ಆಸುಪಾಸು. ಗೆರೆ ಇವತ್ತಿನ ಜಾಗದಲ್ಲೇ ಇದ್ದರೂ ಬಡ್ಡಿಯೆಲ್ಲ ಸೇರಿ ಅದರಿಂದ ಬಹಳ ಕೆಳಗೇ ಇರುತ್ತಾರೆ.

"ಅಂದರೆ ಈ ಸಲ ಮುಳುಗಿಸಿದ್ದೇ ಆ ಸಲ ತೇಲಿಸುತ್ತೆ ಅಂತೀಯಾ" ಎಂದು ಕೇಳಿ ಅತ್ತಿಗೆ ಕ್ಯಾಲೆಂಡರಿನ ಹಾಳೆಯನ್ನು ನಾಲ್ಕಾಗಿ ಮಡಚಿ ಹೊಸ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡರು. ಹೊರಗೆ, ರಟ್ಟಿನ ಮೇಲೆ, ಪೆನ್ಸಿಲಿನಲ್ಲಿ ಎರಡೇ ಮಾತು ಬರೆದರು: 15ರೊಳಗೆ.